ಗುಂಡಿ ಇಲ್ಲದ ಮೇಜು, ಮೂರು ಚೆಂಡು ಮತ್ತು ನಮ್ಮ ತಾತ

“ಗುಂಡಿನೇ ಇಲ್ವಾ? ಮತ್ತೆ ಚೆಂಡು ಎಲ್ಲಿ ಬೀಳ್ತದೆ?”

ವೀಡಿಯೊ ಕಾಲ್‌ನಲ್ಲಿ ನನ್ನ ತಂಗಿ ಕೇಳಿದ ಮೊದಲ ಪ್ರಶ್ನೆ ಇದು. ನಾನಾಗ ಕಂಪನಿ ಕೆಲಸದ ಮೇಲೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೆ. ಮನೆ ಹತ್ತಿರದ ಕೆಫೆಯೊಂದರಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜು ಇತ್ತು. ಅದನ್ನ ಫೋನ್ ಹಿಡಿದು ತೋರಿಸ್ತಾ ಇದ್ದೆ. ನಾಲ್ಕು ಮೂಲೆಯೂ ಮುಚ್ಚಿದೆ, ಪಕ್ಕದಲ್ಲೂ ತೂತಿಲ್ಲ. ಮೇಲೆ ಇರೋದು ಮೂರೇ ಚೆಂಡು: ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು.

ನಾನು ಉತ್ತರ ಕೊಡುವ ಮೊದಲೇ ತಂಗಿಯ ಹಿಂದಿನಿಂದ ತಾತನ ದನಿ ಬಂತು. “ಬೀಳೋದ್ಯಾಕಮ್ಮಾ? ಕ್ಯಾನನ್ ಹೊಡೀತಾರೆ.”

ಆವನಿಯ ನಮ್ಮ ಮನೆಯ ಜಗಲಿಯಲ್ಲಿ ಕೂತ ಎಂಬತ್ತು ದಾಟಿದ ತಾತನ ಬಾಯಲ್ಲಿ ಆ ಮಾತು ಕೇಳಿ ನಾನು ಸುಮ್ಮನಾಗಿಬಿಟ್ಟೆ. ತಾತ ಒಂದು ಕಾಲದಲ್ಲಿ ಕೆ.ಜಿ.ಎಫ್.ನಲ್ಲಿ “ಕ್ಲಬ್ಬಿನ ಕೆಲಸ” ಮಾಡ್ತಿದ್ದರು ಅನ್ನೋದಷ್ಟೇ ನಮಗೆ ಗೊತ್ತಿದ್ದದ್ದು. ಮಾಣಿಯ ಕೆಲಸ ಇರಬೇಕು ಅಂದುಕೊಂಡಿದ್ದೆವು. ಅವತ್ತು ತಿಳಿಯಿತು, ಅವರು ಗಣಿ ಅಧಿಕಾರಿಗಳ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮಾರ್ಕರ್ ಆಗಿದ್ದರು. ಮೇಜಿನ ಬಟ್ಟೆಗೆ ಬ್ರಷ್ ಹಾಕೋದು, ಇಸ್ತ್ರಿ ಮಾಡೋದು, ಆಟ ನಡೆವಾಗ ಅಂಕ ಬರೆಯೋದು, ಜೊತೆ ಇಲ್ಲದೆ ಬಂದ ಸಾಹೇಬರಿಗೆ ಜೊತೆಯಾಗಿ ಆಡೋದು, ಇಷ್ಟೂ ಮಾರ್ಕರ್ ಕೆಲಸ.

ಅಲ್ಲಿಂದ ಸುಮಾರು ಒಂದು ವರ್ಷ ನನಗೆ ಇಬ್ಬರು ಗುರುಗಳು. ಕೆಫೆಯಲ್ಲಿ ಪ್ರತಿ ಗುರುವಾರ ಸಂಜೆ ಆಡಲು ಬರುತ್ತಿದ್ದ ಡಚ್ ಹಿರಿಯರೊಬ್ಬರು, ಭಾನುವಾರದ ಕಾಲ್‌ನಲ್ಲಿ ನಮ್ಮ ತಾತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಆಡಿದ ಆಟವೂ ಪೂರ್ತಿ ಒಂದೇ ಅಲ್ಲ. ಆದರೂ ಇಬ್ಬರೂ ನನಗೆ ಹೇಳಿದ್ದು ಒಂದೇ ಮಾತು. ಅದನ್ನು ನಿಮಗೂ ಹೇಳೋಣ ಅಂತ ಈ ಬರಹ.

ಆಟ ಅಂದ್ರೆ ಇಷ್ಟೇ

ಮೊದಲೇ ಒಂದು ಗೊಂದಲ ತೆಗೆದುಬಿಡೋಣ. ಇದು ನಾವು ಬೇಸಿಗೆ ರಜದಲ್ಲಿ ಪೌಡರ್ ಹಾಕಿಕೊಂಡು ಆಡುವ ಕೇರಂ ಬೋರ್ಡ್ ಅಲ್ಲ. ಹೆಸರು ಹತ್ತಿರ, ಅಷ್ಟೇ. ಇದು ಕ್ಯಾರಂ ಬಿಲಿಯರ್ಡ್ಸ್. ಕೋಲಿಗೆ ಕ್ಯೂ ಅಂತಾರೆ, ಮೇಜಿನ ಸುತ್ತಲಿನ ರಬ್ಬರ್ ಅಂಚಿಗೆ ಕುಶನ್ ಅಂತಾರೆ.

ಇಬ್ಬರು ಆಟಗಾರರು. ಒಬ್ಬರಿಗೆ ಬಿಳಿ ಚೆಂಡು, ಇನ್ನೊಬ್ಬರಿಗೆ ಹಳದಿ. ಆಟ ಮುಗಿಯೋತನಕ ಅದೇ ನಿಮ್ಮ ಚೆಂಡು. ಕೆಂಪು ಯಾರದೂ ಅಲ್ಲ. ನಿಮ್ಮ ಚೆಂಡನ್ನು ಕ್ಯೂನಿಂದ ಹೊಡೆಯಬೇಕು, ಅದು ಹೋಗಿ ಉಳಿದ ಎರಡೂ ಚೆಂಡುಗಳನ್ನು ಮುಟ್ಟಬೇಕು. ಎರಡನ್ನೂ ಮುಟ್ಟಿದರೆ ಅದು ಒಂದು ಕ್ಯಾನನ್, ಒಂದು ಅಂಕ. ಅಂಕ ಬಂದರೆ ಮತ್ತೆ ನಿಮ್ಮದೇ ಸರದಿ. ಚೆಂಡುಗಳು ಎಲ್ಲಿ ನಿಂತಿವೆಯೋ ಅಲ್ಲಿಂದಲೇ ಮುಂದಿನ ಹೊಡೆತ. ತಪ್ಪಿದರೆ ಎದುರಾಳಿಯ ಸರದಿ, ಅವರೂ ನೀವು ಬಿಟ್ಟ ಜಾಗದಿಂದಲೇ ಶುರು ಮಾಡಬೇಕು.

ಆರಂಭದಲ್ಲಿ ಚೆಂಡುಗಳಿಗೆ ಗೊತ್ತಾದ ಜಾಗ ಉಂಟು. ಮೊದಲ ಹೊಡೆತದಲ್ಲಿ ಕೆಂಪನ್ನೇ ಮೊದಲು ಮುಟ್ಟಬೇಕು. ಆಮೇಲೆ ಯಾವುದನ್ನು ಮೊದಲು ಮುಟ್ಟಿದರೂ ಸರಿ. ಚೆಂಡು ಮೇಜಿನಿಂದ ಹಾರಿ ಹೋದರೆ, ಚೆಂಡಿಗೆ ಕೈ ಅಥವಾ ಅಂಗಿ ತಗುಲಿದರೆ, ಕ್ಯೂ ಎರಡು ಸಲ ತಾಕಿದರೆ, ಹೊಡೆಯುವಾಗ ಎರಡೂ ಕಾಲು ನೆಲ ಬಿಟ್ಟರೆ ಅದು ತಪ್ಪು. ಸರದಿ ಹೋಗುತ್ತದೆ.

ಕೆಫೆಯ ಮೇಜು ಒಳಗಿನ ಅಳತೆಯಲ್ಲಿ 230 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲ ಇತ್ತು. ಅಗಲದ ಎರಡರಷ್ಟು ಉದ್ದ. ದೊಡ್ಡ ಪಂದ್ಯಗಳ ಮೇಜು ಇದಕ್ಕಿಂತ ದೊಡ್ಡದು, 284 ಸೆಂ.ಮೀ. ಉದ್ದ, 142 ಸೆಂ.ಮೀ. ಅಗಲ. ಅನುಪಾತ ಮಾತ್ರ ಅದೇ. ಚೆಂಡಿನ ವ್ಯಾಸ ಸುಮಾರು 61.5 ಮಿ.ಮೀ., ಅಂದರೆ ನಮ್ಮ ಸ್ನೂಕರ್ ಚೆಂಡಿಗಿಂತ ಸುಮಾರು ಒಂದು ಸೆಂಟಿಮೀಟರ್ ದಪ್ಪ. ತೂಕವೂ ಜಾಸ್ತಿ. ಪಂದ್ಯದ ಮೇಜುಗಳಲ್ಲಿ ಬಟ್ಟೆಯ ಕೆಳಗಿನ ಕಲ್ಲನ್ನು ಸ್ವಲ್ಪ ಬಿಸಿ ಮಾಡಿಟ್ಟಿರುತ್ತಾರೆ. ಬಟ್ಟೆಗೆ ತೇವ ಹಿಡಿದರೆ ಚೆಂಡಿನ ಓಟ ಬದಲಾಗುತ್ತದೆ.

ತಾತ ಕೆ.ಜಿ.ಎಫ್.ನಲ್ಲಿ ಕಂಡದ್ದು ಇಂಗ್ಲಿಷ್ ಬಿಲಿಯರ್ಡ್ಸ್. ಬೆಂಗಳೂರಿನ ಪಂಕಜ್ ಆಡ್ವಾಣಿ ವಿಶ್ವ ಚಾಂಪಿಯನ್ ಆದದ್ದು ಆ ಆಟದಲ್ಲೇ. ಅಲ್ಲೂ ಮೂರು ಚೆಂಡು, ಅಲ್ಲೂ ಕ್ಯಾನನ್ ಉಂಟು, ಅದಕ್ಕೆ ಎರಡು ಅಂಕ. ಆದರೆ ಆರು ಗುಂಡಿಗಳಿದ್ದು, ಚೆಂಡು ಬೀಳಿಸಿದರೂ ಅಂಕ ಬರುತ್ತದೆ. ಕ್ಯಾರಂ ಬಿಲಿಯರ್ಡ್ಸ್‌ನಲ್ಲಿ ಗುಂಡಿ ತೆಗೆದುಹಾಕಿ ಕ್ಯಾನನ್ ಒಂದನ್ನೇ ಉಳಿಸಿಕೊಂಡಿದ್ದಾರೆ. “ಅನ್ನ ಸಾರು ಪಲ್ಯ ಎಲ್ಲಾ ತೆಗೆದು ಬರೀ ಮುದ್ದೆ ಇಟ್ಟಂಗೆ” ಅಂದರು ತಾತ. ಮುದ್ದೆ ಇಷ್ಟ ಇರೋರಿಗೆ ಅದೇ ಸಾಕು ಅನ್ನೋದನ್ನೂ ಸೇರಿಸಿದರು.

ಅರ್ಧ ಚೆಂಡಿನ ಗುಟ್ಟು

ಮೊದಲ ಗುರುವಾರ ನಾನು ಹೊಡೆದ ಹತ್ತು ಹೊಡೆತದಲ್ಲಿ ಒಂದೂ ಕ್ಯಾನನ್ ಆಗಲಿಲ್ಲ. ಕಾರಣ ನನ್ನ ಕೇರಂ ಬೋರ್ಡ್ ಬುದ್ಧಿ. ಕೇರಂ ಸ್ಟ್ರೈಕರ್ ಜಾರುತ್ತದೆ, ಉರುಳುವುದಿಲ್ಲ. ಕಾಯಿಗೆ ತಾಗಿದ ಮೇಲೆ ಅದು ಎತ್ತ ತಿರುಗುತ್ತದೆ ಅನ್ನೋ ಅಂದಾಜು ನಮ್ಮ ಬೆರಳಿಗೆ ಚಿಕ್ಕಂದಿನಿಂದಲೇ ಗೊತ್ತು. ಚೆಂಡು ಹಾಗಲ್ಲ. ಅದು ಉರುಳುತ್ತಾ ಬಂದು ಇನ್ನೊಂದಕ್ಕೆ ತಾಗಿದರೆ, ಅದರ ಓಟ ಬದಲಾದರೂ ಉರುಳುವ ಸುತ್ತು ಹಾಗೇ ಉಳಿದಿರುತ್ತದೆ. ಆ ಸುತ್ತು ಚೆಂಡನ್ನು ಮತ್ತೆ ಮುಂದಕ್ಕೆ ಎಳೆಯುತ್ತದೆ. ಅದಕ್ಕೇ ಚೆಂಡು ಸ್ಟ್ರೈಕರ್‌ನಂತೆ ಪಕ್ಕಕ್ಕೆ ಹಾರದೆ ಬಾಗಿ ಮುಂದೆ ಹೋಗುತ್ತದೆ.

ಎಷ್ಟು ಬಾಗುತ್ತದೆ? ಇಲ್ಲಿ ನನ್ನಂಥ ಎಂಜಿನಿಯರ್‌ಗೆ ಖುಷಿ ಕೊಡುವ ಲೆಕ್ಕ ಒಂದಿದೆ.

ನಿಮ್ಮ ಚೆಂಡಿನ ನಡುವನ್ನು ಕೆಂಪು ಚೆಂಡಿನ ಅಂಚಿಗೆ ಗುರಿ ಇಟ್ಟು ಹೊಡೆಯಿರಿ. ತಾಗುವಾಗ ಹಿಂದಿನಿಂದ ನೋಡಿದರೆ ನಿಮ್ಮ ಚೆಂಡು ಕೆಂಪಿನ ಅರ್ಧ ಭಾಗವನ್ನು ಮುಚ್ಚಿರುತ್ತದೆ. ಇದಕ್ಕೆ ಅರ್ಧ ಚೆಂಡಿನ ಹೊಡೆತ ಅನ್ನುತ್ತಾರೆ. ಆಗ ಕೆಂಪು ಒಂದು ಕಡೆಗೆ 30 ಡಿಗ್ರಿ ಹೋಗುತ್ತದೆ, ಉರುಳುತ್ತಿರುವ ನಿಮ್ಮ ಚೆಂಡು ಇನ್ನೊಂದು ಕಡೆಗೆ ಸುಮಾರು 34 ಡಿಗ್ರಿ ತಿರುಗುತ್ತದೆ.

ಈಗ ನಿಮ್ಮ ಗುರಿ ಸ್ವಲ್ಪ ತಪ್ಪಿತು ಅನ್ನಿ. ಅರ್ಧದ ಬದಲು ಮುಕ್ಕಾಲು ಭಾಗ ತಾಗಿತು. ನಿಮ್ಮ ಚೆಂಡು ಎಷ್ಟು ತಿರುಗುತ್ತದೆ? ಸುಮಾರು 27 ಡಿಗ್ರಿ. ಸರಿ, ಮುಕ್ಕಾಲಿನ ಬದಲು ಬರೀ ಕಾಲು ಭಾಗ ತಾಗಿತು. ಆಗ? ಆಗಲೂ ಸುಮಾರು 27 ಡಿಗ್ರಿಯೇ. ಅಂದರೆ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಎಲ್ಲಿ ತಾಗಿದರೂ ನಿಮ್ಮ ಚೆಂಡು 27ರಿಂದ 34 ಡಿಗ್ರಿಯೊಳಗೇ ಇರುತ್ತದೆ. ಗುರಿ ಕೂದಲೆಳೆ ಆಚೀಚೆಯಾದರೂ ದಾರಿ ಹೆಚ್ಚು ಬದಲಾಗದ ಜಾಗ ಅರ್ಧ ಚೆಂಡು. ಹೊಸಬರಿಗೆ ಮೊದಲು ಇದನ್ನೇ ಕಲಿಸುವುದು ಅದಕ್ಕೇ.

ತಾತನಿಗೆ ಈ ಡಿಗ್ರಿ ಲೆಕ್ಕ ಹೇಳಿದೆ. “ಡಿಗ್ರಿ ಗೊತ್ತಿಲ್ಲ ಕಣಪ್ಪಾ. ಅರ್ಧ ಮುಚ್ಚಿದ್ರೆ ಚೆಂಡು ಮಾತು ಕೇಳ್ತದೆ ಅಂತ ಗೊತ್ತು” ಅಂದರು.

ಒಂದು ಷರತ್ತು ಉಂಟು. ಚೆಂಡು ಉರುಳುತ್ತಲೇ ಹೋಗಿ ತಾಗಬೇಕು. ಅದಕ್ಕೆ ಕ್ಯೂ ತುದಿ ಚೆಂಡಿನ ನಡುವಿಗಿಂತ ಸ್ವಲ್ಪ ಮೇಲೆ ತಾಗಬೇಕು, ಒಂದು ಸೆಂಟಿಮೀಟರ್‌ನಷ್ಟು. ನಡುವಿನಲ್ಲಿ ಅಥವಾ ಕೆಳಗೆ ಜೋರಾಗಿ ಹೊಡೆದರೆ ಚೆಂಡು ಸ್ವಲ್ಪ ದೂರ ಸ್ಟ್ರೈಕರ್‌ನ ಹಾಗೆ ಜಾರಿಕೊಂಡೇ ಹೋಗುತ್ತದೆ. ಆ ಸ್ಥಿತಿಯಲ್ಲಿ ತಾಗಿದರೆ 34 ಅಲ್ಲ, 60 ಡಿಗ್ರಿಯವರೆಗೂ ಪಕ್ಕಕ್ಕೆ ಹೋಗಿಬಿಡಬಹುದು. ನನ್ನ ಮೊದಲ ಹತ್ತು ಹೊಡೆತ ಹಾಳಾದದ್ದು ಹೀಗೇ.

ಒಂದೇ ಹೊಡೆತ, ನಲವತ್ತು ಸಲ

ಡಚ್ ಹಿರಿಯರು ನನಗೆ ಒಂದು ಹೊಡೆತ ಇಟ್ಟುಕೊಟ್ಟರು. ಬೇರೆ ಏನೂ ಬೇಡ, ಇದನ್ನೇ ಆಡು ಅಂದರು. ನೀವೂ ಮನಸ್ಸಿನಲ್ಲೇ ಮೇಜು ಹಾಸಿಕೊಂಡು ಜೊತೆಗೆ ಬನ್ನಿ.

ಮೇಜಿನ ಒಂದು ಗಿಡ್ಡ ಅಂಚಿನ ಬಳಿ ನಿಂತು ಎದುರಿಗೆ ನೋಡ್ತಾ ಇದ್ದೀರಿ. ಕೆಂಪು ಚೆಂಡು ಮೇಜಿನ ಉದ್ದದ ನಡುಮಧ್ಯ ಇದೆ, ಆದರೆ ಬಲಗಡೆಯ ಉದ್ದ ಕುಶನ್‌ನಿಂದ 20 ಸೆಂ.ಮೀ. ದೂರದಲ್ಲಿ. ಹಳದಿ ಚೆಂಡು ಎದುರಿನ ಎಡ ಮೂಲೆಯ ಕಡೆ ಇದೆ, ಎದುರಿನ ಕುಶನ್‌ನಿಂದಲೂ ಎಡ ಕುಶನ್‌ನಿಂದಲೂ ಸುಮಾರು 37 ಸೆಂ.ಮೀ. ಒಳಗೆ. ನಿಮ್ಮ ಬಿಳಿ ಚೆಂಡು ಕೆಂಪಿಗಿಂತ ಅರ್ಧ ಮೀಟರ್ ಹಿಂದೆ, ಬಲ ಕುಶನ್‌ನಿಂದ 23 ಸೆಂ.ಮೀ. ದೂರದಲ್ಲಿ. ಅಂದರೆ ಕೆಂಪಿಗಿಂತ ಮೂರು ಸೆಂಟಿಮೀಟರ್ ಎಡಕ್ಕೆ. ಚೆಂಡಿನ ಅರ್ಧ ವ್ಯಾಸ ಸರಿಯಾಗಿ ಅಷ್ಟೇ. ಹಾಗಾಗಿ ಬಲ ಕುಶನ್‌ಗೆ ಸಮನಾಗಿ ನೇರ ಹೊಡೆದರೆ ತನ್ನಷ್ಟಕ್ಕೇ ಅರ್ಧ ಚೆಂಡು.

ಹೊಡೆದಾಗ ಬಿಳಿ ಕೆಂಪಿಗೆ ತಾಗಿ ಎಡಕ್ಕೆ ತಿರುಗಿ, ಸುಮಾರು ಒಂದು ಮೀಟರ್ ದೂರದ ಹಳದಿಗೆ ಹೋಗಿ ತಾಗುತ್ತದೆ. ಕ್ಯಾನನ್ ಆಯಿತು, ಒಂದು ಅಂಕ.

ಎರಡನೇ ಗುರುವಾರ ಮೂರನೇ ಪ್ರಯತ್ನಕ್ಕೇ ನನಗೆ ಅದು ಸಿಕ್ಕಿತು. ಕೈ ಮೇಲೆತ್ತಿ ಕುಣಿದುಬಿಟ್ಟೆ. ಹಿರಿಯರು ನಗಲಿಲ್ಲ. “ಕೆಂಪು ಎಲ್ಲಿದೆ?” ಅಂತ ಕೇಳಿದರು.

ಕೆಂಪು ಎದುರು ಬಲ ಮೂಲೆಯ ಕಡೆ ಒಂಟಿಯಾಗಿ ನಿಂತಿತ್ತು. ಬಿಳಿ, ಹಳದಿ ಎಡಗಡೆ ಇದ್ದವು. ಅಲ್ಲಿಂದ ಮುಂದಿನ ಕ್ಯಾನನ್ ಹೊಡೆಯೋದು ನನ್ನ ಕೈಲಿ ಆಗುವ ಕೆಲಸ ಆಗಿರಲಿಲ್ಲ.

ಆಮೇಲೆ ಅವರು ಅದೇ ಹೊಡೆತ ತಾವು ಆಡಿ ತೋರಿಸಿದರು. ಬಿಳಿ ಎಡಕ್ಕೆ ಹೋಗಿ ಹಳದಿಗೆ ತಾಗಿತು. ಆದರೆ ಈ ಸಲ ನಾನು ಕೆಂಪನ್ನು ನೋಡ್ತಾ ಇದ್ದೆ. ಅದು ಬಲಕ್ಕೆ ಹೊರಟು ಉದ್ದ ಕುಶನ್‌ಗೆ ತಾಗಿ ಪುಟಿಯಿತು, ಮುಂದೆ ಹೋಗಿ ಎದುರಿನ ಗಿಡ್ಡ ಕುಶನ್‌ಗೆ ತಾಗಿತು, ಅಲ್ಲಿಂದ ವಾಪಸ್ ತಿರುಗಿ ಹಳದಿ ಇದ್ದ ಜಾಗಕ್ಕೇ ನಿಧಾನವಾಗಿ ಬಂದು ನಿಂತಿತು. ಹಳದಿ ಅಷ್ಟರಲ್ಲಿ ಎದುರಿನ ಕುಶನ್‌ಗೆ ಹೋಗಿ ತಾಗಿ ಅಲ್ಲೇ ಪಕ್ಕದಲ್ಲಿತ್ತು. ಮೂರೂ ಚೆಂಡು ಒಂದೇ ಮೂಲೆಯಲ್ಲಿ, ಒಂದು ಮೊರದಷ್ಟು ಜಾಗದಲ್ಲಿ. ಮುಂದಿನ ಆರೇಳು ಅಂಕ ಅವರು ಮೆಲ್ಲಗೆ ತಟ್ಟಿ ತಟ್ಟಿಯೇ ತೆಗೆದರು.

ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಕೆಂಪು 30 ಡಿಗ್ರಿಯಲ್ಲಿ ಹೊರಟು, ಬಂದ ಕೋನದಲ್ಲೇ ಎರಡು ಕುಶನ್ ಪುಟಿದರೆ, ಅದರ ದಾರಿ ಹಳದಿಯ ಹತ್ತಿರದಿಂದಲೇ ಹಾದುಹೋಗುತ್ತದೆ. ಆ ಜಾಗ ಸುಮ್ಮನೆ ಆರಿಸಿದ್ದಲ್ಲ. ಅಲ್ಲಿಗೆ ಬರಲು ಬಿಳಿ ಚೆಂಡಿಗೆ ಒಂದು ಮೀಟರ್ ಸಾಕು, ಕೆಂಪು ಮಾತ್ರ ಸುತ್ತಿಕೊಂಡು ಸುಮಾರು 170 ಸೆಂ.ಮೀ. ಬರಬೇಕು. ಅರ್ಧ ಚೆಂಡಿನ ಹೊಡೆತದಲ್ಲಿ ಕೆಂಪಿಗೆ ಬಿಳಿಗಿಂತ ಸ್ವಲ್ಪವೇ ಹೆಚ್ಚು ವೇಗ ಸಿಗುತ್ತದೆ. ಅದರ ಮೇಲೆ ಕುಶನ್‌ಗೆ ತಾಗಿದಾಗಲೆಲ್ಲ ಒಂದಿಷ್ಟು ವೇಗ ಸೋರಿಹೋಗುತ್ತದೆ. ಹಾಗಾಗಿ ಬಿಳಿ ಹಳದಿಯನ್ನು ಮುಟ್ಟಿದರೆ ಸಾಕು ಅನ್ನೋ ಅಳತೆಗೆ ಹೊಡೆದರೆ ಕೆಂಪು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ನನ್ನದು ಹಾಗೇ ಆಗಿದ್ದು. ಅಂಕಕ್ಕೆ ಬೇಕಾದ ಬಲಕ್ಕಿಂತ ಹೆಚ್ಚು ಬಲ ಕೊಡಬೇಕು, ಕೆಂಪು ಮನೆ ಸೇರುವಷ್ಟು. ಈ ಆಟದಲ್ಲಿ ಬಲದ ಅಳತೆ ಮೊದಲ ಚೆಂಡಿಗಾಗಿ, ಎರಡನೆಯದಕ್ಕಾಗಿ ಅಲ್ಲ.

ತಪ್ಪಿದ್ದು ಎಲ್ಲಿ ಅಂತ ಕೆಂಪು ಹೇಳುತ್ತೆ

ಮೂರು ಗುರುವಾರ ಅದೇ ಹೊಡೆತ ಆಡಿದೆ. ಸಲಕ್ಕೆ ನಲವತ್ತರ ಹಾಗೆ. ತಪ್ಪಿದಾಗಲೆಲ್ಲ ನಾನು ನೋಡುತ್ತಿದ್ದದ್ದು ನನ್ನ ಬಿಳಿ ಚೆಂಡನ್ನು. ಅದು ಹಳದಿಯ ಬಲಗಡೆ ಮೂರು ನಾಲ್ಕು ಸೆಂಟಿಮೀಟರ್‌ನಲ್ಲಿ ತಪ್ಪಿಸಿಕೊಂಡು ಹೋಗುತ್ತಿತ್ತು. ಗುರಿ ತೆಳ್ಳಗಾಗಿರಬೇಕು ಅಂತ ಮುಂದಿನ ಸಲ ದಪ್ಪಕ್ಕೆ ಹೊಡೆದರೆ ಇನ್ನೂ ಹೆಚ್ಚು ತಪ್ಪೋದು.

ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಕಾಲು ಭಾಗ ತಾಗಿದರೂ 27 ಡಿಗ್ರಿ, ಮುಕ್ಕಾಲು ತಾಗಿದರೂ 27 ಡಿಗ್ರಿ. ಅಂದರೆ ಎರಡು ವಿರುದ್ಧ ತಪ್ಪುಗಳೂ ಬಿಳಿ ಚೆಂಡನ್ನು ಒಂದೇ ಕಡೆಗೆ, ಹಳದಿಯ ಬಲಕ್ಕೆ, ಕಳಿಸುತ್ತವೆ. ಬಿಳಿಯನ್ನು ಎಷ್ಟು ದಿಟ್ಟಿಸಿ ನೋಡಿದರೂ ತಪ್ಪು ಯಾವ ಕಡೆಗೆ ಆಯಿತು ಅಂತ ತಿಳಿಯೋದಿಲ್ಲ. ಆಫೀಸಿನಲ್ಲಿ ಎರಡು ಬೇರೆ ಬೇರೆ ಬಗ್‌ಗಳು ಒಂದೇ ಎರರ್ ಮೆಸೇಜ್ ಕೊಟ್ಟಾಗ ತಲೆ ಕೆಡುತ್ತಲ್ಲ, ಹಾಗೆ.

ಭಾನುವಾರ ತಾತನಿಗೆ ಹೇಳಿದೆ. ಅವರು ಒಂದೇ ಮಾತಲ್ಲಿ ಬಿಡಿಸಿದರು. “ನಿನ್ನ ಚೆಂಡು ಯಾಕೆ ನೋಡ್ತೀಯಾ? ಅದು ಸುಳ್ಳು ಹೇಳ್ತದೆ. ಕೆಂಪು ನೋಡು.”

ಹೌದು. ಮುಕ್ಕಾಲು ತಾಗಿದರೆ ಕೆಂಪು 15 ಡಿಗ್ರಿಗಿಂತ ಹೆಚ್ಚು ವಾಲದೆ ಹೆಚ್ಚು ಕಡಿಮೆ ನೇರವಾಗಿ, ಜೋರಾಗಿ ಎದುರಿನ ಗಿಡ್ಡ ಕುಶನ್‌ನ ಕಡೆಗೆ ಓಡುತ್ತದೆ. ಕಾಲು ಭಾಗ ತಾಗಿದರೆ 50 ಡಿಗ್ರಿಯ ಹತ್ತಿರ ವಾಲಿ, ನಿಧಾನವಾಗಿ, ಬೇಗನೇ ಬಲ ಕುಶನ್‌ಗೆ ತಾಗುತ್ತದೆ. ಬಿಳಿಯ ದಾರಿಯಲ್ಲಿ ಕಾಣದ ವ್ಯತ್ಯಾಸ ಕೆಂಪಿನ ದಾರಿಯಲ್ಲಿ ಎದ್ದು ಕಾಣುತ್ತದೆ. ಕೆಂಪು ನೇರ ಜೋರಾಗಿ ಹೋಯಿತಾ, ದಪ್ಪ ಹೊಡೆದಿದ್ದೀರಿ. ಅಡ್ಡ ನಿಧಾನ ಹೋಯಿತಾ, ತೆಳ್ಳಗೆ ಹೊಡೆದಿದ್ದೀರಿ. ಕೆಂಪು ಸರಿಯಾದ ದಾರಿಯಲ್ಲೇ ಹೋಗಿಯೂ ಬಿಳಿ ಹಳದಿಯ ಎಡಗಡೆ ಹಾದುಹೋಯಿತಾ, ಹಾಗಿದ್ದರೆ ಗುರಿ ಸರಿಯಿದೆ, ಚೆಂಡು ಉರುಳದೆ ಜಾರಿದೆ. ಕ್ಯೂ ತುದಿ ಕೆಳಗೆ ತಾಗಿದೆ, ಮುಂದಿನ ಸಲ ಸ್ವಲ್ಪ ಮೇಲೆ ಹೊಡೆಯಿರಿ.

ನನ್ನದು ದಪ್ಪದ ಕಾಯಿಲೆ ಅಂತ ಅವತ್ತು ತಿಳಿಯಿತು. ಇಷ್ಟು ದಿನ ಔಷಧಿ ಉಲ್ಟಾ ಕುಡಿಯುತ್ತಿದ್ದೆ.

ಚೆದುರಿಸುವ ಕೆಲಸ

ಆ ಭಾನುವಾರ ತಾತ ಇನ್ನೊಂದು ವಿಷಯ ಹೇಳಿದರು. ಮೊದಲು ತಮಾಷೆಗೆ ಹೇಳ್ತಿದ್ದಾರೆ ಅಂದುಕೊಂಡೆ.

ಜೊತೆ ಇಲ್ಲದೆ ಬಂದ ಸಾಹೇಬರ ಜೊತೆ ಆಡುವಾಗ ಮಾರ್ಕರ್ ಗೆಲ್ಲುವಂತಿರಲಿಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಗೆದ್ದ ದಿನ ಸಾಹೇಬರ ಮುಖ ಸಪ್ಪಗಾಗುತ್ತಿತ್ತು, ಅಷ್ಟು ಸಾಕಿತ್ತು. ಆದರೆ ಬೇಕೆಂದೇ ಸೋಲುವುದು ಕಾಣಬಾರದು. ಸುಲಭದ ಹೊಡೆತ ತಪ್ಪಿಸಿದರೆ ಅವರಿಗೂ ಗೊತ್ತಾಗುತ್ತದೆ, ಅದು ಇನ್ನೂ ಅವಮಾನ.

“ಮತ್ತೆ ಏನು ಮಾಡ್ತಿದ್ರಿ?” ಅಂದೆ.

“ಕ್ಯಾನನ್ ಹೊಡೀತಿದ್ದೆ ಕಣಪ್ಪಾ. ಹೊಡೆದು, ಕೆಂಪನ್ನ ದೂರ ಕಳಿಸಿಬಿಡ್ತಿದ್ದೆ. ಅಂಕ ಬಂತು, ಚೆಂಡು ಚೆದುರಿಹೋಯ್ತು. ಮುಂದಿನದು ಕಷ್ಟ, ತಪ್ಪಿದ್ರೆ ಯಾರೂ ಏನೂ ಅನ್ನಲ್ಲ. ‘ಚೆನ್ನಾಗಿ ಆಡ್ದೆ’ ಅಂತ ಬೆನ್ನು ತಟ್ಟೋರು.”

ನಾನು ಎಷ್ಟೋ ವಾರ ಒದ್ದಾಡಿ ಬಿಡೋಕೆ ನೋಡುತ್ತಿದ್ದ ತಪ್ಪನ್ನು ತಾತ ವರ್ಷಗಟ್ಟಲೆ ಬೇಕೆಂದೇ, ಅಳತೆ ತಪ್ಪದೆ ಮಾಡಿದ್ದರು. ಹಾಗೆ ಚೆದುರಿಸಬೇಕಾದರೆ ಸೇರಿಸುವುದು ಹೇಗೆ ಅಂತ ಪೂರ್ತಿ ಗೊತ್ತಿರಬೇಕು. ಬೆಳಿಗ್ಗೆ ಬಟ್ಟೆಗೆ ಇಸ್ತ್ರಿ ಆದ ಮೇಲೆ, ಮೇಜು ಸಮ ಇದೆಯಾ ಅಂತ ನೋಡುವ ನೆವದಲ್ಲಿ ಒಬ್ಬರೇ ಆಡುತ್ತಿದ್ದರಂತೆ. ಆಗ ಮಾತ್ರ ಸೇರಿಸಿಕೊಂಡು ಆಡುತ್ತಿದ್ದರಂತೆ. ನೋಡೋರು ಯಾರೂ ಇರಲಿಲ್ಲ. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ತಾತ ಕೆಲಸ ಬಿಟ್ಟು ಊರಿಗೆ ಬಂದು ಹೊಲ ನೋಡಿಕೊಳ್ಳುತ್ತಿದ್ದರು. ಆಮೇಲೆ ಕ್ಯೂ ಹಿಡಿದೇ ಇರಲಿಲ್ಲ.

ಸೇರಿಸೋದು ಜಾಸ್ತಿಯಾದರೆ

ಸೇರಿಸುವ ಕಲೆ ಕೈಗೆ ಹತ್ತಿದರೆ ಆಟಕ್ಕೇ ತೊಂದರೆ. 1907ರಲ್ಲಿ ಲಂಡನ್‌ನಲ್ಲಿ ಟಾಮ್ ರೀಸ್ ಎಂಬ ಇಂಗ್ಲಿಷ್ ಬಿಲಿಯರ್ಡ್ಸ್ ಆಟಗಾರ ಗುಂಡಿಯ ಬಾಯಿಯ ಎರಡು ಬದಿಗೆ ಎರಡು ಚೆಂಡು ಕೂರಿಸಿ, ಅವು ಅಲುಗಾಡದ ಹಾಗೆ ತನ್ನ ಚೆಂಡನ್ನು ಮೆಲ್ಲಗೆ ತಟ್ಟುತ್ತಾ ಕ್ಯಾನನ್ ಮೇಲೆ ಕ್ಯಾನನ್ ಹೊಡೆದ. ಒಂದೇ ಸರದಿ ಸುಮಾರು ಐದು ವಾರ ನಡೆಯಿತು. ಅಂಕ 4,99,135. ಆ ಹೊಡೆತವನ್ನು ಆಮೇಲೆ ನಿಷೇಧಿಸಬೇಕಾಯಿತು.

ಗುಂಡಿ ಇಲ್ಲದ ಮೇಜಿನಲ್ಲೂ ಇದೇ ಕಥೆ. ಚೆಂಡುಗಳನ್ನು ಮೂಲೆಗೆ ತಂದು ಕೂರಿಸಿಬಿಟ್ಟರೆ ಬಲ್ಲವರು ಏಳುವುದೇ ಇಲ್ಲ. ಅದಕ್ಕೆ ಮೂಲೆಗಳಲ್ಲಿ ಓರೆಗೆರೆ ಎಳೆದರು. ಎದುರಿನ ಎರಡೂ ಚೆಂಡು ಆ ಮೂಲೆಯೊಳಗೆ ಇದ್ದರೆ, ಎರಡನೇ ಅಂಕದೊಳಗೆ ಒಂದನ್ನಾದರೂ ಆಚೆ ಕಳಿಸಲೇಬೇಕು. ಇನ್ನೂ ಬಲ್ಲವರಿಗೆ ಇಡೀ ಮೇಜನ್ನೇ ಗೆರೆಗಳಿಂದ ಒಂಬತ್ತು ಭಾಗ ಮಾಡಿ ಇದೇ ನಿಯಮ ಹಾಕಿದರು. ಕೊನೆಗೆ ಬಂದದ್ದು ಮೂರು ಕುಶನ್ ಆಟ. ಎರಡನೇ ಚೆಂಡನ್ನು ಮುಟ್ಟುವ ಮೊದಲು ನಿಮ್ಮ ಚೆಂಡು ಕನಿಷ್ಠ ಮೂರು ಸಲ ಕುಶನ್‌ಗೆ ತಾಗಿರಬೇಕು. ಈಗ ದೊಡ್ಡ ಪಂದ್ಯಗಳು ಹೆಚ್ಚಾಗಿ ಇದರಲ್ಲೇ ನಡೆಯುವುದು. ಹಲವು ಬಾರಿ ವಿಶ್ವ ಚಾಂಪಿಯನ್ ಆದ ನೆದರ್ಲೆಂಡ್ಸ್‌ನ ಡಿಕ್ ಯಾಸ್ಪರ್ಸ್ ಅಂಥವರಿಗೂ ಒಂದು ಸರದಿಗೆ ಸರಾಸರಿ ಎರಡು ಅಂಕದ ಆಸುಪಾಸು ಬಂದರೆ ಅದು ಒಳ್ಳೆಯ ಆಟ.

ನನ್ನಂಥವರಿಗೆ ಗೆರೆಯೂ ಬೇಡ, ಮೂರು ಕುಶನ್ನೂ ಬೇಡ. ಒಂದು ಸರದಿಗೆ ನನ್ನ ಸರಾಸರಿ ಒಂದಕ್ಕಿಂತ ಕಡಿಮೆ ಇತ್ತು. ಅಲ್ಲಿಯ ಕೆಫೆ ಪಂದ್ಯಗಳಲ್ಲಿ ಒಳ್ಳೆಯ ಪದ್ಧತಿ ಒಂದಿದೆ. ಪ್ರತಿಯೊಬ್ಬರ ಗುರಿ ಅವರವರ ಸರಾಸರಿಗೆ ತಕ್ಕಂತೆ. ಹಿರಿಯರು 100 ಅಂಕ ಮುಟ್ಟಬೇಕಾದರೆ ನಾನು 20 ಮುಟ್ಟಿದರೆ ಗೆದ್ದೆ. ಯಾರೂ ಯಾರಿಗಾಗಿಯೂ ಬೇಕೆಂದು ಸೋಲಬೇಕಾಗಿಲ್ಲ. ಇದನ್ನು ತಾತನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಅಂಗೆ ಮಾಡಬೋದಿತ್ತು” ಅಂದರು.

ನೀವೂ ಆಡಿ ನೋಡಬೇಕಾದರೆ

ನಮ್ಮ ಕಡೆ ಗುಂಡಿ ಇಲ್ಲದ ಮೇಜು ಹುಡುಕೋದು ಕಷ್ಟ. ಆದರೆ ಕಲಿಯಲು ಅದೇ ಬೇಕು ಅಂತಿಲ್ಲ. ಎಂಟು ಅಡಿಯ ಪೂಲ್ ಮೇಜಿನ ಒಳ ಅಳತೆ ಸುಮಾರು 224 ಸೆಂ.ಮೀ. ಉದ್ದ, 112 ಸೆಂ.ಮೀ. ಅಗಲ. ಕೆಫೆ ಮೇಜಿಗೆ ಬಹಳ ಹತ್ತಿರ. ಮೂರು ಚೆಂಡು ಮಾತ್ರ ಇಟ್ಟುಕೊಂಡು ಮೇಲೆ ಹೇಳಿದ ಹೊಡೆತವನ್ನು ಹಾಗೇ ಆಡಬಹುದು. ಕೆಂಪಿನ ದಾರಿ ಬಲಗಡೆಯ ನಡುಗುಂಡಿಯನ್ನು ದಾಟಿ ಒಂದು ಗೇಣು ಮುಂದೆ ಕುಶನ್‌ಗೆ ತಾಗುತ್ತದೆ, ಬೀಳುವ ಭಯವಿಲ್ಲ. ಹಳದಿ ಮಾತ್ರ ಒಮ್ಮೊಮ್ಮೆ ಎಡ ಮೂಲೆಯ ಗುಂಡಿಗೆ ಇಳಿದೀತು. ಎತ್ತಿಟ್ಟು ಮತ್ತೆ ಆಡಿ.

ಕಳೆದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ರಾಮಲಿಂಗೇಶ್ವರನ ದರ್ಶನ ಮುಗಿಸಿ ಎರಡು ದಿನ ಬಿಟ್ಟು ತಾತನನ್ನು ಕಾರಲ್ಲಿ ಕೂರಿಸಿಕೊಂಡು ಪೂಲ್ ಮೇಜು ಇರುವ ಕಡೆ ಕರೆದುಕೊಂಡು ಹೋದೆ. ಹುಡುಗರು ಪಂಚೆ ಉಟ್ಟ ಮುದುಕರನ್ನು ಕಂಡು ಜಾಗ ಬಿಟ್ಟರು. ತಾತ ಮೊದಲು ಬಟ್ಟೆಯ ಮೇಲೆ ಅಂಗೈ ಆಡಿಸಿ ನೋಡಿ ಮುಖ ಕಿವುಚಿದರು. “ಇಸ್ತ್ರಿ ಕಂಡೇ ಇಲ್ಲ ಇದು.”

ನಾನು ಅಳತೆ ಮಾಡಿ ಮೂರೂ ಚೆಂಡು ಇಟ್ಟೆ. ಅವರು ಕೆಂಪನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿದರು. ಯಾಕೆ ಅಂದರೆ ಈ ಮೇಜಿನ ರಬ್ಬರ್ ಸತ್ತಿದೆ, ಪುಟಿಯೋದು ಕಮ್ಮಿ ಅಂದರು. ಮೊದಲ ಸಲ ಕೈ ನಡುಗಿ ಕ್ಯೂ ಜಾರಿತು. ಎರಡನೇ ಸಲ ಕೆಂಪು ಅಡ್ಡ ಹೋಯಿತು. “ತೆಳ್ಳಗಾಯ್ತು” ಅಂತ ತಾವೇ ಹೇಳಿಕೊಂಡರು. ಐದನೇ ಸಲ ಬಿಳಿ ಹೋಗಿ ಹಳದಿಗೆ ತಾಗಿತು. ತಾತ ಅತ್ತ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಕೆಂಪಿನ ಮೇಲಿತ್ತು. ಅದು ಒಂದು ಕುಶನ್, ಎರಡು ಕುಶನ್ ಪುಟಿದು, ನಿಧಾನವಾಗಿ ಸುತ್ತಿಕೊಂಡು ಬಂದು ಉಳಿದೆರಡರ ಪಕ್ಕ ನಿಂತಿತು.

ಅಲ್ಲಿಂದ ಮೆಲ್ಲಗೆ ನಾಲ್ಕು ಕ್ಯಾನನ್ ಹೊಡೆದರು. ಐದನೆಯದು ತಪ್ಪಿತು. ಕ್ಯೂ ನನ್ನ ಕೈಗೆ ಕೊಟ್ಟು, “ಬರ್ಕೋ, ಐದು” ಅಂದರು.